ಮೇಣದಬತ್ತಿ ನಕ್ಷೆ: ಒಂದು ದಿನದ ನಾಲ್ಕು ಬೆಲೆಗಳು

ಷೇರುಪೇಟೆಯಲ್ಲಿ ಒಂದು ಷೇರಿನ ಬೆಲೆ ದಿನವಿಡೀ ಏರಿಳಿಯುತ್ತಿರುತ್ತದೆ. ಆ ದಿನದ ಆರಂಭ, ಗರಿಷ್ಠ, ಕನಿಷ್ಠ ಮತ್ತು ಮುಕ್ತಾಯ ಬೆಲೆಗಳನ್ನು ಒಂದೇ ಆಕೃತಿಯಲ್ಲಿ ತೋರಿಸುವ ನಕ್ಷೆಗೆ ಕ್ಯಾಂಡಲ್‌ಸ್ಟಿಕ್ ಚಾರ್ಟ್, ಅಂದರೆ ಮೇಣದಬತ್ತಿ ನಕ್ಷೆ ಎಂದು ಹೆಸರು. ಈ ಪದ್ಧತಿ ಜಪಾನಿನಿಂದ ಬಂದುದು.

ಆಕೃತಿಯ ದಪ್ಪ ಭಾಗವು ಬತ್ತಿಯ ಒಡಲು. ಅದರ ಒಂದು ಅಂಚು ಆರಂಭದ ಬೆಲೆಯನ್ನೂ ಇನ್ನೊಂದು ಅಂಚು ಮುಕ್ತಾಯದ ಬೆಲೆಯನ್ನೂ ಸೂಚಿಸುತ್ತದೆ. ಒಡಲಿನಿಂದ ಮೇಲಕ್ಕೆ ಚಾಚಿದ ತೆಳುಗೆರೆಯ ತುದಿ ದಿನದ ಗರಿಷ್ಠ ಬೆಲೆ. ಕೆಳಗೆರೆಯ ತುದಿ ಕನಿಷ್ಠ ಬೆಲೆ. ಮುಕ್ತಾಯವು ಆರಂಭಕ್ಕಿಂತ ಮೇಲಿದ್ದರೆ ಒಡಲು ಸಾಮಾನ್ಯವಾಗಿ ಹಸಿರು, ಕೆಳಗಿದ್ದರೆ ಕೆಂಪು. ಜಪಾನಿನಲ್ಲಿ ಏರಿಕೆಗೇ ಕೆಂಪು ಬಣ್ಣವನ್ನು ಬಳಸುವುದುಂಟಾದ್ದರಿಂದ, ಬಣ್ಣದ ಅರ್ಥವನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಅನೇಕರು ಎಡವುವುದು ಈ ಬಣ್ಣದ ವಿಷಯದಲ್ಲಿಯೇ. ಸೋಮವಾರ 520 ರೂಪಾಯಿಗೆ ಮುಕ್ತಾಯವಾದ ಒಂದು ಷೇರು ಮಂಗಳವಾರ 500 ರೂಪಾಯಿಯಲ್ಲಿ ಆರಂಭವಾಯಿತೆಂದು ಭಾವಿಸೋಣ. ಅದು 494ಕ್ಕೆ ಇಳಿದು, 512ಕ್ಕೆ ಏರಿ, ಕೊನೆಗೆ 508ರಲ್ಲಿ ನಿಂತಿತು. ಆಗ ಒಡಲು 500ರಿಂದ 508ರವರೆಗೆ ಇರುತ್ತದೆ. ಮೇಲಿನ ಗೆರೆ 4 ರೂಪಾಯಿಯಷ್ಟು, ಕೆಳಗಿನದು 6 ರೂಪಾಯಿಯಷ್ಟು ಉದ್ದವಿರುತ್ತದೆ. ಬತ್ತಿಯ ಬಣ್ಣ ಹಸಿರು. ಆದರೂ ಸೋಮವಾರದ ಮುಕ್ತಾಯದಲ್ಲಿ ಷೇರು ಕೊಂಡವನಿಗೆ ಪ್ರತಿ ಷೇರಿಗೆ 12 ರೂಪಾಯಿ ನಷ್ಟವಾಗಿದೆ. ಬಣ್ಣವು ಅದೇ ದಿನದ ಆರಂಭ ಮತ್ತು ಮುಕ್ತಾಯಗಳನ್ನು ಮಾತ್ರ ಹೋಲಿಸುತ್ತದೆ. ಹಿಂದಿನ ದಿನದ ಲೆಕ್ಕ ಅದರಲ್ಲಿ ಸೇರಿಲ್ಲ. ಪತ್ರಿಕೆಗಳಲ್ಲಿ ಬರುವ ಏರಿಕೆ ಅಥವಾ ಇಳಿಕೆಯ ಅಂಕಿಯಾದರೋ ಹಿಂದಿನ ಮುಕ್ತಾಯಕ್ಕೆ ಹೋಲಿಸಿದುದು. ಆದಕಾರಣ ಹಸಿರು ಬತ್ತಿಯ ದಿನವೇ ಪತ್ರಿಕೆಯಲ್ಲಿ ಇಳಿಕೆ ಎಂದು ಅಚ್ಚಾದರೆ ಅದು ತಪ್ಪೇನಲ್ಲ. ಹೊಸಬರು ಬತ್ತಿಯನ್ನು ಒಂಟಿಯಾಗಿ ನೋಡದೆ, ಎಡಪಕ್ಕದ ಬತ್ತಿಯ ಮುಕ್ತಾಯದ ಅಂಚನ್ನೂ ಗಮನಿಸಬೇಕು.

ಬೆಲೆ ಯಾವ ಕ್ರಮದಲ್ಲಿ ಚಲಿಸಿತೆಂಬುದನ್ನೂ ಬತ್ತಿ ಹೇಳಲಾರದು. ಮೇಲಿನ ಷೇರು ಮೊದಲು 512ಕ್ಕೆ ಏರಿ, ಬಳಿಕ 494ಕ್ಕೆ ಕುಸಿದು, 508ಕ್ಕೆ ಚೇತರಿಸಿಕೊಂಡಿದ್ದರೂ ಆಕೃತಿ ಒಂದೇ ಆಗಿರುತ್ತಿತ್ತು. ಗರಿಷ್ಠ ಬೆಲೆಯಲ್ಲಿ ಎಷ್ಟು ಷೇರುಗಳು ಕೈಬದಲಾದುವೆಂಬುದೂ ಅದರಿಂದ ತಿಳಿಯದು.

ಮುಕ್ತಾಯ ಬೆಲೆಯ ಬಗೆಗೂ ಒಂದು ಮಾತು. ಭಾರತದ ಷೇರುಪೇಟೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ ಕ್ರಮದಂತೆ ಅದು ದಿನದ ಕಟ್ಟಕಡೆಯ ವ್ಯವಹಾರದ ಬೆಲೆಯಲ್ಲ. ಕೊನೆಯ ಅರ್ಧ ಗಂಟೆಯ ವ್ಯವಹಾರಗಳ ಸರಾಸರಿ. ಹೆಚ್ಚು ಷೇರುಗಳು ಮಾರಾಟವಾದ ಬೆಲೆಗೆ ಈ ಸರಾಸರಿಯಲ್ಲಿ ಹೆಚ್ಚಿನ ತೂಕ. ಕೊನೆಯ ಕ್ಷಣದಲ್ಲಿ ಯಾರೋ ಕೆಲವೇ ಷೇರುಗಳನ್ನು ಕೊಂಡು ಬೆಲೆಯನ್ನು ಏರಿಸಿದರೆ, ಮುಕ್ತಾಯ ಬೆಲೆ ಅದರಿಂದ ಹೆಚ್ಚೇನೂ ಕದಲದು.