ಹೆಸರಿಲ್ಲದ ಪಾತ್ರಗಳು

ಪಾತ್ರಗಳಿಗೆ ಹೆಸರಿಡದೆ ಕಥೆ ಬರೆಯಹೊರಟವರು, ಪೋರ್ಚುಗಲ್ಲಿನ ಜೋಸೆ ಸರಮಾಗೊ 1995ರಲ್ಲಿ ಪ್ರಕಟಿಸಿದ, ಊರಿಗೆ ಊರೇ ಕುರುಡಾಗುವ ಕಾದಂಬರಿಯನ್ನು ಅವಲೋಕಿಸಬೇಕು. ಅಲ್ಲಿ ವೈದ್ಯ, ವೈದ್ಯನ ಹೆಂಡತಿ, ಕಪ್ಪು ಕನ್ನಡಕದ ಹುಡುಗಿ, ಮೆಳ್ಳೆಗಣ್ಣಿನ ಬಾಲಕ ಎಂಬ ಗುರುತುಗಳೇ ಕಡೆಯವರೆಗೂ ಅಚಲವಾಗಿ ನಿಲ್ಲುತ್ತವೆ. ಪರಸ್ಪರರ ಮುಖವನ್ನೇ ಕಾಣಲಾರದವರ ಲೋಕದಲ್ಲಿ ಹೆಸರಿಗೆ ಪ್ರಯೋಜನವಿಲ್ಲವಾದ್ದರಿಂದ, ಆ ಅನಾಮಿಕತೆಯು ವಸ್ತುವಿನಿಂದಲೇ ಹುಟ್ಟಿದುದು.

ಗುರುತೊಂದನ್ನು ಆರಿಸಿದ ಮೇಲೆ, ಸೊಗಸಿನ ಆಸೆಯಿಂದ ‘ವೈದ್ಯ’ನನ್ನು ಮುಂದಿನ ಪುಟದಲ್ಲಿ ‘ಎತ್ತರದ ಗಂಡಸು’ ಎಂದು ಕರೆದಿರಾದರೆ, ಹೊಸಬನೊಬ್ಬನು ಬಂದನೆಂದೇ ಓದುಗನು ಭ್ರಮಿಸುವನು. ನಮ್ಮ ಕ್ರಿಯಾಪದವೇ ಲಿಂಗವನ್ನು ಸೂಚಿಸುವುದರಿಂದ ಗಂಡಹೆಂಡಿರಿಬ್ಬರ ಕಥೆಯು ಹೆಸರಿಲ್ಲದೆಯೂ ಸರಾಗವಾಗಿ ಸಾಗೀತು. ಆದರೆ ಅಣ್ಣತಮ್ಮಂದಿರು ಮೂವರು ಆಸ್ತಿಗಾಗಿ ವಾಗ್ವಾದಕ್ಕಿಳಿದಾಗ, ‘ಅವನು’ ಯಾರೆಂಬುದು ತಿಳಿಯದೆ, ವಾಕ್ಯವಾಕ್ಯಕ್ಕೂ ‘ನಡುವಿನವನು’, ‘ಕಿರಿಯವನು’ ಎಂದು ಬರೆಯಬೇಕಾಗಿ ಬಂದರೆ, ಸಂಕೋಚಪಡದೆ ಹೆಸರಿಟ್ಟುಬಿಡಿ.