ಡಿಜಿಟಲ್ ಸಹಿಯ ಮೇಲೆ ತಿಂಗಳುಗಳ ನಂತರ ಕಾಣುವ ಎಚ್ಚರಿಕೆ ಮತ್ತು ಸಮಯಮುದ್ರೆ

ಗ್ರಾಮ ಪಂಚಾಯತ್‌ನ ಮಾನ್ಯ ಸದಸ್ಯರ ಅಧ್ಯಯನಕ್ಕಾಗಿ

ಉದಾಹರಣೆಗಾಗಿ, ಅಸುಂಡಿಯಲ್ಲಿ ಚರಂಡಿ ಕಾಮಗಾರಿಯ ಆದೇಶವೊಂದಕ್ಕೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರು 2025ರ ಮಾರ್ಚ್ 20ರಂದು ಡಿಜಿಟಲ್ ಸಹಿ ಮಾಡಿದ್ದಾರೆ ಎಂದಿಟ್ಟುಕೊಳ್ಳಬಹುದು. ಅಂದು ಪಿಡಿಎಫ್ ಕಡತದಲ್ಲಿ ಹಸಿರು ಗುರುತು ಕಾಣುತ್ತದೆ. ಸೆಪ್ಟೆಂಬರಿನಲ್ಲಿ ಬಿಲ್ಲಿನ ಪರಿಶೀಲನೆಗೆಂದು ಅದೇ ಕಡತವನ್ನು ತೆರೆದಾಗ ಹಳದಿ ಎಚ್ಚರಿಕೆ ಮೂಡುತ್ತದೆ. ಆದೇಶವೇ ನಕಲಿ ಎಂಬ ಆಕ್ಷೇಪಣೆ ಸಭೆಯಲ್ಲಿ ಏಳುವುದು, ಗುತ್ತಿಗೆದಾರರ ಹಣ ತಡೆಹಿಡಿಯಲ್ಪಡುವುದು ಇಂತಹ ಸಂದರ್ಭದಲ್ಲಿಯೇ. ಆದರೆ ಕಡತದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಅಧಿಕಾರಿಯವರ ಪ್ರಮಾಣಪತ್ರದ ಅವಧಿ ಜೂನ್ 9ಕ್ಕೆ ಮುಗಿದಿದೆ, ಅಷ್ಟೇ.

ಸಹಿಯ ಕೀಲಿ ಇಂತಹ ವ್ಯಕ್ತಿಯದೇ ಎಂದು ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯು ನೀಡುವ ಪತ್ರವೇ ಡಿಜಿಟಲ್ ಪ್ರಮಾಣಪತ್ರ. ಇದರ ಅವಧಿ ಸಾಮಾನ್ಯವಾಗಿ 1ರಿಂದ 3 ವರ್ಷ. ಅವಧಿಯೊಳಗೆ ಮಾಡಿದ ಸಹಿ ಅವಧಿ ಮುಗಿದ ಮಾತ್ರಕ್ಕೆ ಅಸಿಂಧುವಾಗುವುದಿಲ್ಲ. ತೊಡಕಿರುವುದು, ಅದು ಅವಧಿಯೊಳಗೇ ಆಯಿತೆಂದು ತೋರಿಸುವುದರಲ್ಲಿ. ಸಹಿಯಲ್ಲಿನ ಮಾರ್ಚ್ 20 ಎಂಬ ದಿನಾಂಕವು ಕಚೇರಿಯ ಗಣಕಯಂತ್ರದ ಗಡಿಯಾರದಿಂದ ಬಂದದ್ದು. ಆ ಗಡಿಯಾರವನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಆದುದರಿಂದ ತಂತ್ರಾಂಶವು ಅದನ್ನು ಪುರಾವೆಯೆಂದು ಒಪ್ಪದೆ, ತಪಾಸಣೆಯ ದಿನಕ್ಕೇ ಪ್ರಮಾಣಪತ್ರವನ್ನು ಹೋಲಿಸಬಹುದು.

ಸಮಯಮುದ್ರೆ ಈ ಕೊರತೆಯನ್ನು ನೀಗಿಸುತ್ತದೆ. ಸಹಿ ಮಾಡುವಾಗ ತಂತ್ರಾಂಶವು ಆ ಸಹಿಯ ಗಣಿತೀಯ ಬೆರಳಚ್ಚನ್ನು ಮಾತ್ರ ಸಮಯಮುದ್ರೆ ಸಂಸ್ಥೆಗೆ ಕಳುಹಿಸುತ್ತದೆ. ಆದೇಶದ ಪ್ರತಿ ಹೊರಗೆ ಹೋಗುವುದಿಲ್ಲ. ಸಂಸ್ಥೆಯು ಅದಕ್ಕೆ ತನ್ನ ಗಡಿಯಾರದ ಸಮಯ ಸೇರಿಸಿ, ತನ್ನ ಸಹಿ ಹಾಕಿ ಮರಳಿಸುತ್ತದೆ. ಅದು ಕಡತದೊಳಗೆ ಉಳಿಯುತ್ತದೆ. ಅಂಚೆ ಕಚೇರಿಯ ಠಸ್ಸೆಯಂತೆ, ದಿನಾಂಕಕ್ಕೆ ಮೂರನೆಯವರ ಸಾಕ್ಷಿ ದೊರೆತಂತಾಯಿತು. ಸಹಿಯ ಸಮಯದಲ್ಲಿ ಅಂತರ್ಜಾಲ ಇಲ್ಲದಿದ್ದರೆ ಈ ಮುದ್ರೆ ದೊರೆಯದು.

ಮುದ್ರೆಯೊಂದೇ ಸಾಲದು. ಟೋಕನ್ ಕಳೆದುಹೋದಾಗ ಅಥವಾ ಬೇರೆ ಕಾರಣಕ್ಕೆ ಪ್ರಮಾಣಪತ್ರವನ್ನು ಅವಧಿಗೆ ಮುನ್ನವೇ ರದ್ದುಪಡಿಸಬಹುದು. ಸಹಿಯಾದಾಗ ಅದು ರದ್ದಾಗಿರಲಿಲ್ಲ ಎಂಬ ಮಾಹಿತಿಯೂ ಕಡತದೊಳಗೆ ಸೇರಿರಬೇಕು. ಅವಧಿ ಮುಗಿದ ಪ್ರಮಾಣಪತ್ರಗಳನ್ನು ರದ್ದತಿ ಪಟ್ಟಿಯಿಂದ ತೆಗೆದುಹಾಕುವುದು ರೂಢಿಯಾದ್ದರಿಂದ, ನಂತರ ಹುಡುಕಿದರೆ ಆ ಮಾಹಿತಿ ಸಿಗದಿರಬಹುದು.

ಅಡೋಬಿ ರೀಡರ್‌ನಲ್ಲಿ ಸಹಿಯ ವಿವರ ತೆರೆದಾಗ ಈ ಸಾಲು ಕಂಡರೆ ಸಮಯಮುದ್ರೆ ಇಲ್ಲವೆಂದೇ ಅರ್ಥ:

```
Signing time is from the clock on the signer's computer.
```

ರದ್ದತಿ ಮಾಹಿತಿಯೂ ಸೇರಿದ್ದರೆ `Signature is LTV enabled` ಎಂದಿರುತ್ತದೆ. ಸಹಿಯ ನಂತರ ಕಡತ ತಿದ್ದಲ್ಪಟ್ಟಿದೆ ಎಂಬ ಸಂದೇಶ ಬಂದರೆ ಅದು ಬೇರೆಯೇ ವಿಷಯ. ಅದಕ್ಕೆ ಅವಧಿಯ ಸಮಜಾಯಿಷಿ ಸಲ್ಲದು.

ಈಗಾಗಲೇ ಅವಧಿ ಮುಗಿದ ಸಹಿಗೆ ಇಂದು ಮುದ್ರೆ ಹಾಕಿದರೆ ಅದು ಇಂದಿನ ದಿನಾಂಕವನ್ನಷ್ಟೇ ಸಾಬೀತುಪಡಿಸುತ್ತದೆ. ಅಂತಹ ಆದೇಶಗಳಿಗೆ ನಡಾವಳಿ ಪುಸ್ತಕ ಹಾಗೂ ರವಾನೆ ವಹಿಯ ನಮೂದುಗಳನ್ನು ಪರಿಶೀಲಿಸುವುದು, ಮೂಲ ಕಡತವನ್ನು ಹಾಗೆಯೇ ಕಾಯ್ದಿರಿಸುವುದು ಸೂಕ್ತ. ಮುದ್ರಿಸಿ ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಸಹಿಯ ಚಿತ್ರವಿರುತ್ತದೆ, ಸಹಿ ಇರುವುದಿಲ್ಲ.