ರಕ್ತದಾನದ ಪ್ರಕಟಣೆಯಲ್ಲಿ ಏನಿರಬೇಕು, ಏನಿರಬಾರದು?

ರಕ್ತದಾನ ಶಿಬಿರದ ಫ್ಲೆಕ್ಸಿನಲ್ಲಿ ಎದ್ದು ಕಾಣುವುದು ಸಾಮಾನ್ಯವಾಗಿ ಗಣ್ಯರ ಫೋಟೊ ಮತ್ತು ರಕ್ತ ಕೊಡದವರ ಮನಸ್ಸನ್ನು ಚುಚ್ಚುವ ಒಂದು ಸಾಲು. ಯಾರು ಕೊಡಬಹುದು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಮೂಲೆ ಸೇರಿರುತ್ತದೆ. ಕಾನೂನಿನ ದೃಷ್ಟಿಯಿಂದ ಇದು ತಲೆಕೆಳಗಾದ ಕ್ರಮ. ‘ಕಾಮನ್ ಕಾಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿ 4ರಂದು ಕೊಟ್ಟ ತೀರ್ಪಿನ ಫಲವಾಗಿ, ಹಣಕ್ಕೆ ರಕ್ತ ಕೊಡುವ ಪದ್ಧತಿ 1998ರ ಜನವರಿ 1ರಿಂದ ದೇಶದಲ್ಲಿ ನಿಷೇಧವಾಯಿತು. ಅಂದಿನಿಂದ ನಮ್ಮ ರಕ್ತದಾನ ವ್ಯವಸ್ಥೆ ನಿಂತಿರುವುದು ಸ್ವಇಚ್ಛೆಯ ಮೇಲೆ. ದುಡ್ಡಿನ ಆಸೆ ಹುಟ್ಟಿಸುವುದು ತಪ್ಪಾದರೆ, ನಾಚಿಕೆ ಹುಟ್ಟಿಸಿ ಕರೆತರುವುದೂ ಆ ಇಚ್ಛೆಯನ್ನು ಕೆಡಿಸುತ್ತದೆ.

ಇದು ಬರೀ ಸೌಜನ್ಯದ ಮಾತಲ್ಲ, ರೋಗಿಯ ಸುರಕ್ಷತೆಯ ಮಾತು. ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸುವುದು ಕಡ್ಡಾಯ. ಆದರೆ ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಪರೀಕ್ಷೆಗೆ ಅದು ಸಿಗದೆ ಹೋಗಬಹುದು. ಆ ಅವಧಿಯಲ್ಲಿ ರೋಗಿಯನ್ನು ಕಾಯುವುದು ದಾನಿ ಪ್ರಶ್ನಾವಳಿಗೆ ಕೊಡುವ ಪ್ರಾಮಾಣಿಕ ಉತ್ತರ ಮಾತ್ರ. ಗೆಳೆಯರ ಗುಂಪು, ಸಂಘದ ಹಿರಿಯರು ಅಥವಾ ಮಾಲೀಕರು ಎಳೆತಂದು ಸಾಲಿನಲ್ಲಿ ನಿಲ್ಲಿಸಿದವರು ‘ನಾನು ಕೊಡುವಂತಿಲ್ಲ’ ಎಂದು ಎಲ್ಲರೆದುರು ಹೇಗೆ ಹೇಳಿಯಾರು? ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಸಮುದಾಯ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಎಚ್‌ಐವಿ ಕಂಡುಬಂದಿತ್ತು. ಆ ಅಂಕಿ ಇಂದಿನದಲ್ಲ. ಆದರೂ ಗುಟ್ಟಾಗಿ ಹಿಂದೆ ಸರಿಯುವ ಅವಕಾಶ ಎಷ್ಟು ಮುಖ್ಯವೆಂಬುದನ್ನು ಈ ಜಿಲ್ಲೆಗೆ ಅದಕ್ಕಿಂತ ಸ್ಪಷ್ಟವಾಗಿ ಹೇಳಬೇಕಿಲ್ಲ.

ಹಾಗಾದರೆ ಸರಿಯಾದ ಪ್ರಕಟಣೆ ಹೇಗಿರಬೇಕು? ಇಳಕಲ್ಲಿನಲ್ಲಿ ಒಂದು ಶಿಬಿರವಿದೆ ಎಂದಿಟ್ಟುಕೊಳ್ಳೋಣ. ಆಗ ಹೀಗೆ ಬರೆದರೆ ಸಾಕು: ‘ರಕ್ತದಾನ ಶಿಬಿರ. ಸ್ಥಳ: ಸರ್ಕಾರಿ ಆಸ್ಪತ್ರೆ, ಇಳಕಲ್. ಸಮಯ: ಬೆಳಿಗ್ಗೆ 10ರಿಂದ ಮಧ್ಯಾಹ್ನ 1. ವಯಸ್ಸು 18ರಿಂದ 65. ಮೊದಲ ಸಲ ಕೊಡುವವರಿಗೆ 60 ಮೀರಿರಬಾರದು. ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ. ಹಿಂದೆ ರಕ್ತ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಊಟ ಅಥವಾ ನಾಷ್ಟಾ ಮಾಡಿ ಬನ್ನಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಈಗ ಕೊಡುವಂತಿಲ್ಲ. ಕಾಯಿಲೆಯಿದ್ದರೆ, ಔಷಧಿ ತಗೊಳ್ಳುತ್ತಿದ್ದರೆ, ಇತ್ತೀಚೆಗೆ ಹಚ್ಚೆ ಹಾಕಿಸಿದ್ದರೆ ವೈದ್ಯರಿಗೆ ತಿಳಿಸಿ. ಕೊಡುವುದು, ಬಿಡುವುದು ನಿಮ್ಮ ಇಷ್ಟ.’ ಕೆಳಗೆ ರಕ್ತನಿಧಿ ಕೇಂದ್ರದ ಹೆಸರು, ಪರವಾನಗಿ ಸಂಖ್ಯೆ ಇರಲಿ. ಸಂಘ ಸಂಸ್ಥೆಗಳು ಶಿಬಿರವನ್ನು ಏರ್ಪಡಿಸಬಹುದೇ ಹೊರತು, ರಕ್ತ ಸಂಗ್ರಹಿಸುವ ಅಧಿಕಾರ ಪರವಾನಗಿ ಪಡೆದ ಕೇಂದ್ರಕ್ಕೆ ಮಾತ್ರ ಇದೆ.

ಇಷ್ಟು ಷರತ್ತು ಬರೆದರೆ ಜನ ಬೆದರಿ ಬರುವುದಿಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಷರತ್ತು ಬರೆಯದಿದ್ದರೂ ಶಿಬಿರದಲ್ಲಿ ಅದು ಎದುರಾಗಿಯೇ ತೀರುತ್ತದೆ. ಹುನಗುಂದದ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಕೂಲಿಕಾರ, ಮಗ್ಗ ನಿಲ್ಲಿಸಿ ಬಂದ ನೇಕಾರ ಮಹಿಳೆ ಅಲ್ಲಿಗೆ ಬಂದ ಮೇಲೆ ತೂಕ ಸಾಲದು ಎಂದು ಮರಳಿದರೆ ಅರ್ಧ ದಿನದ ದುಡಿಮೆ ಹೋಯಿತು. ಮುಂದಿನ ಸಲ ಅವರು ಬರಲಾರರು. ಸಮಯದ ವಿಷಯವೂ ಹಾಗೆಯೇ. ಉಪವಾಸದಲ್ಲಿರುವವರಿಂದ ರಕ್ತ ತೆಗೆಯುವಂತಿಲ್ಲ. ಆದ್ದರಿಂದ ಶ್ರಾವಣ ಸೋಮವಾರ, ಏಕಾದಶಿ ಅಥವಾ ರಂಜಾನ್ ಉಪವಾಸದ ಹಗಲಿನಲ್ಲಿ ಶಿಬಿರ ಇಟ್ಟರೆ ಎಷ್ಟು ಪ್ರಚಾರ ಮಾಡಿದರೂ ಕೊಡಬಲ್ಲವರ ಸಂಖ್ಯೆ ಕುಗ್ಗುತ್ತದೆ. ಭಾವನೆಯ ಒತ್ತಡವಿಲ್ಲದಿದ್ದರೆ ರಕ್ತದ ಕೊರತೆಯಾದೀತು ಎನ್ನುವವರೂ ಇದ್ದಾರೆ. ಕೊರತೆ ನೀಗುವುದು ಒಂದೇ ದಿನದ ಜಾತ್ರೆಯಿಂದಲ್ಲ, ಮೂರ್ನಾಲ್ಕು ತಿಂಗಳಿಗೊಮ್ಮೆ ತಾವಾಗಿ ಬರುವ ದಾನಿಗಳಿಂದ. ಒಮ್ಮೆ ಮುಜುಗರಪಟ್ಟವರು ಆ ಸಾಲಿಗೆ ಸೇರುವುದು ಕಷ್ಟ.

ಕೊಡುವ, ಬಿಡುವ ಹಕ್ಕು ಶಿಬಿರದ ಮೇಜಿನ ಮುಂದೆಯೂ ನಿಮ್ಮ ಕೈಯಲ್ಲಿರುತ್ತದೆ. ಒಪ್ಪಿಗೆ ಪತ್ರವನ್ನು ಓದಿ, ಅಕ್ಷರ ಬಾರದಿದ್ದರೆ ಓದಿಸಿಕೊಂಡು, ಅರ್ಥವಾದ ಮೇಲೆ ಸಹಿ ಮಾಡಿ. ಸಹಿ ಹಾಕಿದ ಮೇಲೂ ಬೇಡವೆನಿಸಿದರೆ ಕಾರಣ ಹೇಳದೆ ಎದ್ದು ಬರಬಹುದು. ವೈದ್ಯರ ತಪಾಸಣೆ, ಪ್ರಶ್ನೋತ್ತರ ಮರೆಯಲ್ಲಿ ನಡೆಯಬೇಕೆಂದು ಕೇಳಿ. ಇನ್ನು ಬಾಗಲಕೋಟೆಯ ಆಸ್ಪತ್ರೆಗೆ ದಾಖಲಾದವರ ಬಂಧುಗಳು ತಿಳಿದಿರಬೇಕಾದದ್ದು: ‘ನೀವು ರಕ್ತ ಕೊಟ್ಟರೆ ಮಾತ್ರ ರಕ್ತ’ ಎಂಬ ಬದಲಿ ದಾನದ ಪದ್ಧತಿಯನ್ನು ಹಂತಹಂತವಾಗಿ ಕೈಬಿಡುವುದು 2002ರ ರಾಷ್ಟ್ರೀಯ ರಕ್ತ ನೀತಿಯ ಗುರಿ. ಕೇಂದ್ರಗಳು ಸಂಸ್ಕರಣಾ ಶುಲ್ಕ ಪಡೆಯಬಹುದು, ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ. ಆ ಶುಲ್ಕಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಪಡೆದು ಔಷಧ ನಿಯಂತ್ರಣಾಧಿಕಾರಿಗಳಿಗೆ ಲಿಖಿತ ದೂರು ಕೊಡಿ. ದೂರು ಬರೆಯಲು ನೆರವು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.